ಗುಂಡಿ ಒಬ್ಬರದು, ದೀಪ ಇನ್ನೊಬ್ಬರದು: ರಸ್ತೆ ದೂರು ಬರೆದ ನನ್ನ ಅನುಭವ

ಕೋಲಾರ ಜಿಲ್ಲೆಯ ನಮ್ಮ ಊರಿನಿಂದ ಪಟ್ಟಣಕ್ಕೆ ಹೋಗುವ ಜಿಲ್ಲಾ ರಸ್ತೆಯಲ್ಲಿ ಮೋರಿ ದಾಟಿದ ಕೂಡಲೇ ಒಂದು ತಿರುವು ಬರುತ್ತದೆ. ಟೊಮೆಟೊ ಕ್ರೇಟುಗಳನ್ನು ಹೊತ್ತ ವಾಹನಗಳೂ ಡೇರಿಗೆ ಹಾಲು ಒಯ್ಯುವವರೂ ಬೆಳಕು ಹರಿಯುವ ಮೊದಲೇ ಅಲ್ಲಿ ಓಡಾಡುತ್ತಾರೆ. ರಸ್ತೆಯ ಗುಂಡಿಗಳಿಂದಲೂ ಉರಿಯದ ಬೀದಿದೀಪಗಳಿಂದಲೂ ಆ ಜಾಗದಲ್ಲಿ ಬೈಕುಗಳು ಉರುಳಿ ಜನ ಗಾಯಗೊಂಡ ಮೇಲೆ, ಊರಿನವರ ಪರವಾಗಿ ದೂರು ಬರೆಯುವ ಕೆಲಸವನ್ನು ನಾನು ವಹಿಸಿಕೊಂಡೆ.

ಗುಂಡಿ ಮತ್ತು ದೀಪ ಎರಡನ್ನೂ ಒಂದೇ ಪತ್ರದಲ್ಲಿ ಸೇರಿಸಿದರೆ, ಪ್ರತಿಯೊಂದು ಕಚೇರಿಯೂ ಇನ್ನೊಂದರ ಕಡೆಗೆ ಬೆರಳು ತೋರಿಸಲು ದಾರಿ ಸಿಗುತ್ತದೆ. ರಸ್ತೆಯ ಮೇಲ್ಮೈ ಮತ್ತು ಚರಂಡಿ ರಸ್ತೆ ಇಲಾಖೆಗೆ ಸೇರಿದ್ದು. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಬೀದಿದೀಪಗಳ ನಿರ್ವಹಣೆ ಪಂಚಾಯಿತಿಯದು. ಕಂಬ ಮತ್ತು ತಂತಿ ವಿದ್ಯುತ್ ಕಂಪನಿಯದು. ಆದುದರಿಂದ ರಸ್ತೆ ಉಪವಿಭಾಗದ ಸಹಾಯಕ ಕಾರ್ಯಪಾಲಕ ಎಂಜಿನಿಯರರಿಗೆ ಒಂದು ಪತ್ರವನ್ನೂ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಇನ್ನೊಂದನ್ನೂ ಬರೆದೆ. ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರಾದ್ದರಿಂದ ಎರಡರ ಪ್ರತಿಯನ್ನೂ ಅವರಿಗೆ ಕಳುಹಿಸಿದೆ. ಇಬ್ಬರ ಕೆಲಸವನ್ನೂ ಒಟ್ಟಿಗೆ ಕೇಳಬಲ್ಲ ಸ್ಥಳ ಅದೊಂದೇ ಎಂಬುದು ನನ್ನ ಅಭಿಪ್ರಾಯ.

ಸ್ಥಳವನ್ನು ಗುರುತಿಸುವುದಕ್ಕೆ ನಾನು ಹೆಚ್ಚು ಸಮಯ ಕೊಟ್ಟೆ. 'ಊರ ಹತ್ತಿರದ ತಿರುವು' ಎಂದು ಬರೆದರೆ ಕಚೇರಿಯ ಕಡತಕ್ಕೆ ಅರ್ಥವಾಗುವುದಿಲ್ಲ, ಏಕೆಂದರೆ ಅಲ್ಲಿ ರಸ್ತೆಯನ್ನು ಕಿಲೋಮೀಟರಿನ ಲೆಕ್ಕದಲ್ಲಿ ದಾಖಲಿಸಿರುತ್ತಾರೆ. ಹಿಂದಿನ ಮತ್ತು ಮುಂದಿನ ಕಿಲೋಮೀಟರ್ ಕಲ್ಲುಗಳ ಸಂಖ್ಯೆ, ಮೋರಿಯಿಂದ ಎಷ್ಟು ಮೀಟರ್, ಎಡಬದಿಯೋ ಬಲಬದಿಯೋ ಎಂಬುದನ್ನು ಬರೆದೆ. ಗುಂಡಿಯ ಮೇಲೆ ಅಡ್ಡವಾಗಿ ಒಂದು ನೇರವಾದ ಪಟ್ಟಿಯನ್ನಿಟ್ಟು, ಅದರ ತಳದಿಂದ ಅಳತೆಪಟ್ಟಿ ಇಳಿಸಿ ಆಳವನ್ನು ಅಳೆದು, ಅದು ಕಾಣುವಂತೆ ಫೋಟೊ ತೆಗೆದೆ. ಅಲ್ಲಿನ ಅತ್ಯಂತ ದೊಡ್ಡ ಗುಂಡಿ 4 ಅಂಗುಲ ಆಳವಿತ್ತು. ಮಳೆನೀರು ತುಂಬಿದಾಗ ಕತ್ತಲಲ್ಲಿ ಅದು ಸಮತಟ್ಟಾದ ರಸ್ತೆಯಂತೆಯೇ ಕಾಣುತ್ತಿತ್ತು.

ಅಪಘಾತದ ವಿಷಯದಲ್ಲಿ ಎಚ್ಚರಿಕೆ ಬೇಕು. ಪ್ರಥಮ ವರ್ತಮಾನ ವರದಿಯಲ್ಲಿ ಬಹಳ ಸಲ ಸವಾರನ 'ಅತಿವೇಗ ಮತ್ತು ಅಜಾಗರೂಕತೆ' ಎಂದಷ್ಟೇ ಇರುತ್ತದೆ, ರಸ್ತೆಯ ಮಾತು ಬಂದಿರುವುದಿಲ್ಲ. ಆ ಮಾತು ಇದ್ದರೆ ಸ್ಥಳ ಮಹಜರು ಮತ್ತು ನಕ್ಷೆಯಲ್ಲಿ ಇರುತ್ತದೆ. ಗಾಯಗೊಂಡವರ ಮನೆಯವರಿಂದ ಆ ಪ್ರತಿಗಳನ್ನು ಪಡೆದು, ಅಪರಾಧ ಸಂಖ್ಯೆ ಮತ್ತು ದಿನಾಂಕವನ್ನು ಪತ್ರದಲ್ಲಿ ನಮೂದಿಸಿ, ಹೀಗೆ ಬರೆದೆ:

"ಸದರಿ ಪ್ರಕರಣಗಳ ಸ್ಥಳ ಮಹಜರಿನಲ್ಲಿ ರಸ್ತೆಯ ಗುಂಡಿ ಹಾಗೂ ಬೆಳಕಿಲ್ಲದಿರುವಿಕೆ ದಾಖಲಾಗಿದೆ. ಗುಂಡಿಗಳನ್ನು ಮುಚ್ಚುವುದರ ಜೊತೆಗೆ, ಮೋರಿಯ ಪಕ್ಕದ ಚರಂಡಿಯನ್ನು ತೆರವುಗೊಳಿಸಬೇಕೆಂದು, ಕಾಮಗಾರಿ ಮುಗಿಯುವವರೆಗೆ ಎಚ್ಚರಿಕೆ ಫಲಕ ಮತ್ತು ಪ್ರತಿಫಲಕಗಳನ್ನು ಅಳವಡಿಸಬೇಕೆಂದು ಕೋರುತ್ತೇನೆ."

ಚರಂಡಿಯನ್ನು ಸೇರಿಸಿದ್ದಕ್ಕೆ ಕಾರಣವಿತ್ತು. ಅದರಲ್ಲಿ ಹೂಳು ತುಂಬಿ ನೀರು ರಸ್ತೆಯ ಮೇಲೆಯೇ ನಿಲ್ಲುತ್ತಿತ್ತು. ನಿಂತ ನೀರು ಬಿರುಕಿನೊಳಗೆ ಇಳಿದು ಡಾಂಬರಿನ ಕೆಳಗಿನ ಜಲ್ಲಿಯನ್ನು ಸಡಿಲಗೊಳಿಸುತ್ತದೆ, ಅದರ ಮೇಲೆ ಭಾರದ ವಾಹನ ಹಾದಾಗ ಮೇಲ್ಪದರ ಕುಸಿಯುತ್ತದೆ. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ ಸೇರಿದ 198ಎ ಕಲಮನ್ನೂ ಉಲ್ಲೇಖಿಸಿದೆ. ರಸ್ತೆ ನಿರ್ವಹಣೆಯ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಹೊಣೆಗಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ಅದನ್ನು ಬೆದರಿಕೆಯಂತೆ ಬರೆಯದೆ ಒಂದೇ ವಾಕ್ಯದಲ್ಲಿ ಹೇಳಿದೆ.

ಪತ್ರವನ್ನು ಟಪಾಲು ವಿಭಾಗಕ್ಕೆ ಕೊಟ್ಟು, ನನ್ನ ಪ್ರತಿಯ ಮೇಲೆ ಮೊಹರು, ದಿನಾಂಕ ಮತ್ತು ಆವಕ ಸಂಖ್ಯೆಯನ್ನು ಹಾಕಿಸಿಕೊಂಡೆ. ಕೆಲ ವಾರಗಳ ನಂತರ ಯಾರೋ ಬಂದು ಗುಂಡಿಗಳಿಗೆ ಜಲ್ಲಿ ಮತ್ತು ಮಣ್ಣು ಸುರಿದು ಹೋದರು. ಅಂಚನ್ನು ಚೌಕವಾಗಿ ಕತ್ತರಿಸದೆ, ಒಳಗಿನ ಕೆಸರು ತೆಗೆಯದೆ, ಡಾಂಬರು ಹಚ್ಚಿ ಮಿಶ್ರಣವನ್ನು ಅದುಮದೆ ಮಾಡಿದ ತೇಪೆ ಮುಂದಿನ ಮಳೆಗೆ ಕಿತ್ತುಬರುತ್ತದೆ. ಇದೂ ಹಾಗೆಯೇ ಕಿತ್ತುಬಂತು. ಆಗ ಹೊಸ ಫೋಟೊಗಳೊಂದಿಗೆ ಮೊದಲ ಆವಕ ಸಂಖ್ಯೆಯನ್ನು ಉಲ್ಲೇಖಿಸಿ ಜ್ಞಾಪನ ಪತ್ರ ಬರೆದೆ. ಜೊತೆಗೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ, ಆ ರಸ್ತೆಗೆ ಕೊನೆಯ ಬಾರಿ ಡಾಂಬರು ಹಾಕಿದ ಗುತ್ತಿಗೆಯ ದೋಷ ಹೊಣೆಗಾರಿಕೆ ಅವಧಿ ಯಾವಾಗ ಮುಗಿಯುತ್ತದೆ ಎಂದು ಕೇಳಿದೆ. ಅವಧಿ ಇನ್ನೂ ಬಾಕಿಯಿತ್ತು. ಅಂದರೆ ಹೊಸ ಅನುದಾನಕ್ಕೆ ಕಾಯದೆ ಗುತ್ತಿಗೆದಾರರೇ ತಮ್ಮ ಖರ್ಚಿನಲ್ಲಿ ಸರಿಪಡಿಸಬೇಕಿತ್ತು. ಆ ಉತ್ತರವನ್ನು ಲಗತ್ತಿಸಿದ ಮೇಲೆ ತಿರುವಿನಲ್ಲಿ ಸರಿಯಾದ ತೇಪೆ ಬಿತ್ತು.

ದೀಪದ ಕಥೆ ಬೇರೆ. ಪಂಚಾಯಿತಿಯವರು ಬಲ್ಬು ಬದಲಿಸಿದರೂ ಬೆಳಕು ಬರಲಿಲ್ಲ. ಅಲ್ಲೊಂದು ಇಲ್ಲೊಂದು ದೀಪ ಆರಿದ್ದರೆ ಬಲ್ಬಿನ ದೋಷವಿರಬಹುದು, ಸಾಲಾಗಿ ಆರಿದ್ದರೆ ಸಾಮಾನ್ಯವಾಗಿ ತಂತಿ ಅಥವಾ ಸ್ವಿಚ್ಚಿನ ದೋಷ. ಕಂಬದ ಮೇಲೆ ಬರೆದ ಸಂಖ್ಯೆಗಳನ್ನು ಕ್ರಮವಾಗಿ ಪಟ್ಟಿ ಮಾಡಿ ವಿದ್ಯುತ್ ಕಂಪನಿಯ ಶಾಖಾಧಿಕಾರಿಗೆ ಕೊಟ್ಟಾಗ, ಬೀದಿದೀಪದ ತಂತಿ ತುಂಡಾಗಿದ್ದು ಪತ್ತೆಯಾಯಿತು. ಈಗ ತಿರುವಿನಲ್ಲಿ ಬೆಳಕಿದೆ. ಚರಂಡಿಯ ಹೂಳನ್ನು ಇನ್ನೂ ತೆಗೆದಿಲ್ಲ. ಮಳೆಗಾಲಕ್ಕೆ ಮುಂಚೆ ಅದನ್ನು ತೆಗೆಸುವಂತೆ ರಸ್ತೆ ಸುರಕ್ಷತಾ ಸಮಿತಿಗೆ ಪ್ರತ್ಯೇಕ ಪತ್ರ ಕೊಟ್ಟಿದ್ದೇನೆ.