ಪ್ರತಿ ಸಲ ಬೆರಳು ಎಡವೋದು ಅದೇ ಜಾಗದಲ್ಲಾ? ಕೀಬೋರ್ಡ್ ಪ್ರಾಕ್ಟೀಸ್ ಹೀಗೆ ಮಾಡಿ ನೋಡಿ

ಕೀಬೋರ್ಡ್ ಕಲಿಯೋರಿಗೆಲ್ಲ ಗೊತ್ತಿರೋ ವಿಷಯ ಇದು. ನುಡಿಸ್ತಾ ನುಡಿಸ್ತಾ ಒಂದು ಜಾಗದಲ್ಲಿ ಬೆರಳು ಎಡವತ್ತೆ, ತಕ್ಷಣ ಮತ್ತೆ ಮೊದಲಿಂದ ಶುರು ಮಾಡ್ತೀವಿ, ಮತ್ತೆ ಅಲ್ಲೇ ಎಡವತ್ತೆ, ಮತ್ತೆ ಮೊದಲಿಂದ. ಒಂದು ಗಂಟೆ ಆದ್ಮೇಲೆ ನೋಡಿದ್ರೆ ಮೊದಲೇ ಚೆನ್ನಾಗಿ ಬರ್ತಿದ್ದ ಭಾಗವನ್ನ ಮೂವತ್ತು ಸಲ ನುಡಿಸಿರ್ತೀವಿ, ಎಡವೋ ಜಾಗವನ್ನೂ ಮೂವತ್ತು ಸಲ ಎಡವ್ಕೊಂಡೇ ನುಡಿಸಿರ್ತೀವಿ. ಬೆರಳಿಗೇನು ಸರಿ ತಪ್ಪು ಗೊತ್ತಾಗಲ್ಲ, ಯಾವುದನ್ನ ಹೆಚ್ಚು ಸಲ ಮಾಡಿಸ್ತೀವೋ ಅದು ರೂಢಿ ಆಗತ್ತೆ ಅಷ್ಟೆ.

2009ರಲ್ಲಿ ಅಮೆರಿಕದ ಟೆಕ್ಸಾಸ್ ಯೂನಿವರ್ಸಿಟಿಯವರ ಒಂದು ಸ್ಟಡಿ ಬಂತು. 17 ಜನ ಪಿಯಾನೊ ವಿದ್ಯಾರ್ಥಿಗಳಿಗೆ ಕಷ್ಟದ ಒಂದು ಚಿಕ್ಕ ತುಣುಕು ಕೊಟ್ಟು, ನಿಮಗೆ ಸಾಕು ಅನ್ಸೋವರೆಗೆ ಪ್ರಾಕ್ಟೀಸ್ ಮಾಡಿ ಅಂದ್ರು, ಮಾರನೇ ದಿನ ನುಡಿಸಿ ನೋಡಿದ್ರು. ಮಾರನೇ ದಿನ ಚೆನ್ನಾಗಿ ನುಡಿಸಿದವರು ಹೆಚ್ಚು ಹೊತ್ತು ಕೂತವರೇ ಅಂತೇನಿರ್ಲಿಲ್ಲ, ಹೆಚ್ಚು ಸಲ ನುಡಿಸಿದವರೂ ಅಲ್ಲ. ಶುರುವಲ್ಲಿ ಅವರೂ ಬೇರೆಯವರ ಹಾಗೇ ತಪ್ಪು ಮಾಡಿದ್ರು. ಆದ್ರೆ ತಪ್ಪು ಎಲ್ಲಿ ಆಯ್ತು, ಯಾಕಾಯ್ತು ಅಂತ ಕರೆಕ್ಟಾಗಿ ಹಿಡಿದು, ಸ್ಪೀಡ್ ಇಳಿಸಿ ಸರಿ ಮಾಡ್ಕೊಂಡು, ಅದು ಗಟ್ಟಿ ಆಗೋವರೆಗೆ ಆ ಜಾಗ ಬಿಟ್ಟು ಮುಂದೆ ಹೋಗ್ಲಿಲ್ಲ. ಡೆಲಿಬರೇಟ್ ಪ್ರಾಕ್ಟೀಸ್ ಅಂತ ಮನಶ್ಶಾಸ್ತ್ರಜ್ಞ ಆಂಡರ್ಸ್ ಎರಿಕ್ಸನ್ ಮತ್ತು ಅವರ ಜೊತೆಯವರು 1993ರಲ್ಲಿ ಬರೆದಿದ್ದಕ್ಕೂ ಇದೇ ಬೇರು: ಒಂದು ನಿರ್ದಿಷ್ಟ ಕೊರತೆ ಹಿಡ್ಕೊಂಡು ಅದನ್ನೇ ತಿದ್ದೋ ಕೆಲಸ.

ಇದನ್ನ ಎಲ್ಲ ವಾದ್ಯಕ್ಕೂ ಸೇರಿಸಿ ಹೇಳಿದ್ರೆ ಕೈಗೆ ಏನೂ ಸಿಗಲ್ಲ, ಅದಕ್ಕೆ ನಾನು ಒಂದೇ ಜಾಗ ತಗೋತೀನಿ. ಬಲಗೈಯಲ್ಲಿ ಸಿ ಮೇಜರ್ ಸ್ಕೇಲ್ ಮೇಲಕ್ಕೆ: ಸಿ, ಡಿ, ಇ, ಎಫ್, ಜಿ, ಎ, ಬಿ, ಸಿ. ಎಂಟು ಸ್ವರ, ಇರೋದು ಐದು ಬೆರಳು. ಹಾಗಾಗಿ ಹೆಬ್ಬೆರಳು, ತೋರುಬೆರಳು, ನಡುಬೆರಳಲ್ಲಿ ಮೊದಲ ಮೂರು ನುಡಿಸಿ, ನಾಲ್ಕನೇದಾದ ಎಫ್‌ಗೆ ಹೆಬ್ಬೆರಳು ನಡುಬೆರಳ ಕೆಳಗಿಂದ ನುಸುಳಿ ಬರ್ಬೇಕು. ಎಡವಟ್ಟು ಆಗೋದು ಇಲ್ಲೇ. ಎಫ್ ಒಂಚೂರು ತಡ ಆಗತ್ತೆ, ಜೊತೆಗೆ ಬೇರೆ ಸ್ವರಗಳಿಗಿಂತ ಜೋರಾಗಿ ಬೀಳತ್ತೆ, ಕೇಳಿದ್ರೆ ಸಿ ಡಿ ಇ… ಧಪ್, ಜಿ ಎ ಬಿ ಸಿ ಅನ್ನೋ ಹಾಗೆ.

ಮೊದಲು ತಪ್ಪನ್ನ ಕಿವಿಗೆ ಬೀಳಿಸಿ

ಕೀಬೋರ್ಡಲ್ಲಿ ಪಿಯಾನೊ ಸೌಂಡ್ ಇಟ್ಕೊಳಿ. ಸ್ಟ್ರಿಂಗ್ಸ್ ಥರದ ಎಳೆಯೋ ಸೌಂಡ್ ಇದ್ರೆ ಒಂದು ಸ್ವರ ಇನ್ನೊಂದರ ಮೇಲೆ ಹರಡ್ಕೊಂಡು ಮಧ್ಯದ ಗ್ಯಾಪ್ ಮುಚ್ಚಿಹೋಗತ್ತೆ. ರಿವರ್ಬ್ ಕಮ್ಮಿ ಮಾಡಿ, ಪೆಡಲ್ ಮುಟ್ಬೇಡಿ. ಟಚ್ ರೆಸ್ಪಾನ್ಸ್ ಇದ್ರೆ ಆನ್ ಮಾಡಿ, ಅದು ಆಫ್ ಆಗಿದ್ರೆ ಮೆಲ್ಲಗೆ ಒತ್ತಿದ್ರೂ ಜೋರಾಗಿ ಒತ್ತಿದ್ರೂ ಒಂದೇ ಸದ್ದು, ಹೆಬ್ಬೆರಳು ಧಪ್ ಅಂತ ಬೀಳೋದು ಗೊತ್ತೇ ಆಗಲ್ಲ.

ಒಂದೇ ಸಮ ಕ್ಲಿಕ್ ಕೊಡೋ ಮೆಟ್ರೊನೋಮ್ ಹಾಕಿ ಒಂದು ಕ್ಲಿಕ್ಕಿಗೆ ಎರಡು ಸ್ವರದ ಲೆಕ್ಕದಲ್ಲಿ ನುಡಿಸಿ, ಎಷ್ಟು ಸ್ಪೀಡಲ್ಲಿ ಮುರಿದುಬೀಳತ್ತೆ ನೋಡಿ. ನನಗೆ 88 ಬಿಪಿಎಂನಲ್ಲಿ, ಅಂದ್ರೆ ನಿಮಿಷಕ್ಕೆ 88 ಕ್ಲಿಕ್ಕಲ್ಲಿ, ಮುರೀತಿತ್ತು, ಬೇಕಾಗಿದ್ದು 120. ಮುರಿಯೋ ಸ್ಪೀಡಿಂದ ಹೆಚ್ಚುಕಮ್ಮಿ ಮೂರರಲ್ಲೊಂದು ಭಾಗ ಇಳಿಸಿದ್ರೆ ಶುರು ಮಾಡೋ ಸ್ಪೀಡ್ ಸಿಗತ್ತೆ, ನನ್ನ ಲೆಕ್ಕಕ್ಕೆ 60. ಅಲ್ಲೂ ಭುಜ ಬಿಗಿ ಆಗ್ತಿದ್ರೆ, ಉಸಿರು ಹಿಡಿದು ನುಡಿಸ್ತಿದ್ರೆ, ಇನ್ನೂ ಇಳಿಸಿ.

ಆಮೇಲೆ ಆ ಸಂದಿಯನ್ನ ಮಾತ್ರ ಕತ್ತರಿಸಿ ತಗೊಳಿ

ಕಷ್ಟ ಇರೋದು ಇ ಮತ್ತು ಎಫ್ ಮಧ್ಯ, ಆದ್ರೆ ಕಾರಣ ಇರೋದು ಅದಕ್ಕಿಂತ ಹಿಂದೆ. ಸಿ ನುಡಿಸಿ ಮುಗಿದ್ಮೇಲೂ ಹೆಬ್ಬೆರಳು ಅಲ್ಲೇ ಸುಮ್ನೆ ಕೂತಿರತ್ತೆ, ಎಫ್ ಬಂತು ಅನ್ನೋವಾಗ ಗಾಬರಿಯಿಂದ ಓಡತ್ತೆ, ಅದು ಓಡೋಕೆ ಮೊಣಕೈ ಹೊರಗೆ ಎದ್ದು ಜಾಗ ಕೊಡತ್ತೆ, ಎದ್ದ ಕೈಯ ಭಾರವೆಲ್ಲ ಎಫ್ ಮೇಲೆ ಬೀಳತ್ತೆ. ಇಷ್ಟು ಗೊತ್ತಾದ್ರೆ ಡ್ರಿಲ್ ತಾನಾಗೇ ಸಿಗತ್ತೆ: ಹೆಬ್ಬೆರಳು ಬೇಗ ಹೊರಡೋದು ಕಲೀಬೇಕು.

ನಡುಬೆರಳಿಂದ ಇ ಒತ್ತಿ ಹಿಡ್ಕೊಳಿ. ಹೆಬ್ಬೆರಳನ್ನ ಕೆಳಗಿಂದ ಸಿ ಮೇಲಿಂದ ಎಫ್ ಮೇಲಕ್ಕೆ, ಎಫ್‌ನಿಂದ ವಾಪಸ್ ಸಿಗೆ ಓಡಾಡ್ಸಿ, ಕೀ ಒತ್ಬೇಡಿ, ಮುಟ್ಟಿದ್ರೆ ಸಾಕು. ಮೊಣಕೈ ಅಲ್ಲಾಡ್ಬಾರ್ದು, ಬೇಕಿದ್ರೆ ಎಡಗೈ ಬೆರಳನ್ನ ಬಲ ಮೊಣಕೈಗೆ ತಾಗಿಸಿಟ್ಕೊಂಡು ನೋಡಿ, ಎದ್ರೆ ತಕ್ಷಣ ತಿಳಿಯತ್ತೆ. ಎರಡು ನಿಮಿಷ ಸಾಕು. ಹೆಬ್ಬೆರಳ ಬುಡದಲ್ಲಿ ನೋವು ಬಂದ್ರೆ ಅವತ್ತಿಗೆ ಅಲ್ಲಿಗೇ ನಿಲ್ಸಿ, ನೋವು ತಿಂದ್ಕೊಂಡು ಮುಂದುವರಿಸೋ ವ್ಯಾಯಾಮ ಅಲ್ಲ ಇದು.

ಈಗ ಮೂರೇ ಸ್ವರ, ಡಿ ಇ ಎಫ್. 60ರಲ್ಲಿ ಒಂದು ಕ್ಲಿಕ್ಕಿಗೆ ಒಂದೇ ಸ್ವರ. ಡಿ ಕೆಳಗೆ ಹೋದ ಕ್ಷಣಕ್ಕೇ ಹೆಬ್ಬೆರಳು ಹೊರಟಿರ್ಬೇಕು, ಇ ಕೇಳಿಸೋ ಹೊತ್ತಿಗೆ ಎಫ್ ಮೇಲೆ ಬಂದು ಕೂತಿರ್ಬೇಕು, ಕೂತು ಕ್ಲಿಕ್ಕಿಗೆ ಕಾಯ್ಬೇಕು. ನಿಧಾನವಾಗಿ ನುಡಿಸೋದ್ರ ಬಗ್ಗೆ ನನಗೆ ತುಂಬ ತಡವಾಗಿ ಅರ್ಥ ಆಗಿದ್ದು ಇದೇ. ಸ್ಪೀಡ್ ಇಳಿಸಿದ್ರೆ ನಾವು ಬೆರಳನ್ನೂ ತೇಲಿಸ್ಕೊಂಡು ನಿಧಾನ ಮಾಡ್ತೀವಿ, ಆ ತೇಲೋ ಚಲನೆ ವೇಗ ಬಂದಾಗ ಕೆಲಸಕ್ಕೇ ಬರಲ್ಲ. ಬೆರಳು ಹೋಗೋದು ಚುರುಕಾಗೇ ಇರ್ಲಿ, ಹೋಗಿ ಸೇರಿದ್ಮೇಲೆ ಕಾಯೋ ಹೊತ್ತು ಮಾತ್ರ ಉದ್ದ ಆಗ್ಲಿ. ಆಮೇಲೆ ಸ್ಪೀಡ್ ಏರಿಸೋದು ಅಂದ್ರೆ ಆ ಕಾಯೋ ಹೊತ್ತನ್ನ ಕಮ್ಮಿ ಮಾಡೋದಷ್ಟೆ.

ಲೆಕ್ಕಕ್ಕೆ ಐದು ಅಂಗಿ ಬಟನ್ ತಗೊಂಡು ಕೀಬೋರ್ಡಿನ ಎಡ ತುದಿಯಲ್ಲಿಡಿ. ತಡ ಆಗದೆ, ಧಪ್ ಅನ್ನದೆ ಬಂದ್ರೆ ಒಂದು ಬಟನ್ ಬಲಕ್ಕೆ ಸರಿಸಿ, ಕೆಟ್ರೆ ಸರಿಸಿದ್ದೆಲ್ಲ ವಾಪಸ್ ಎಡಕ್ಕೆ. ಐದೂ ಬಲಕ್ಕೆ ಬಂದಾಗ ಒಂದು ಸ್ವರ ಸೇರಿಸಿ: ಡಿ ಇ ಎಫ್ ಜಿ, ಆಮೇಲೆ ಹಿಂದೆ ಸಿ, ಹೀಗೆ ಎರಡೂ ಕಡೆ ಬೆಳೆಸ್ತಾ ಹೋಗಿ. ಪ್ರತಿ ಸಲ ಕೊನೇ ಸ್ವರದಲ್ಲಿ ಕೈ ನಿಲ್ಸಿ, ಸಡಿಲ ಇದೆಯಾ ನೋಡಿ, ಆಮೇಲೆ ಮುಂದಿನದು. ನಿಲ್ಸದೆ ಸುತ್ತು ಹೊಡೀತಾ ಹೋದ್ರೆ ಗಮನ ಹಾರಿಹೋಗತ್ತೆ, ಬಟನ್ ಮಾತ್ರ ಸರೀತಿರತ್ತೆ. ಹತ್ತು ನಿಮಿಷ ಆದ್ರೂ ಮೂರನೇ ಬಟನ್ ದಾಟ್ತಿಲ್ಲ ಅಂದ್ರೆ ಹಠ ಹಿಡೀಬೇಡಿ, ಸ್ಪೀಡ್ ಜಾಸ್ತಿ ಆಗಿದೆ ಅಥವಾ ತುಣುಕು ದೊಡ್ಡದಾಗಿದೆ ಅಂತಲೇ ಅರ್ಥ, ಎರಡರಲ್ಲೊಂದನ್ನ ಕಮ್ಮಿ ಮಾಡಿ.

ಪೂರ್ತಿ ಎಂಟು ಸ್ವರ ಬಂದ್ಮೇಲೆ ಕ್ಲಿಕ್ಕಿಗೆ ಎರಡು ಸ್ವರಕ್ಕೆ ಬನ್ನಿ, ಐದು ಬಟನ್ ದಾಟಿದಾಗ ನಾಲ್ಕು ಬಿಪಿಎಂ ಏರ್ಸಿ. ಎರಡು ಸಲ ಏರಿಸಿ ಮೂರನೇದರಲ್ಲಿ ಕೆಟ್ರೆ ಎಂಟು ಇಳ್ಸಿ ಅಲ್ಲಿಂದ ಮತ್ತೆ ಹತ್ತಿ. ಒಂದು ದಿನಕ್ಕೆ ಈ ಜಾಗಕ್ಕೆ ಹದಿನೈದು ನಿಮಿಷಕ್ಕಿಂತ ಹೆಚ್ಚು ಕೊಡ್ಬೇಡಿ, ಆಮೇಲೆ ಬೇರೆ ಏನಾದ್ರೂ ನುಡಿಸಿ.

ಫೋನ್ ಹೇಳೋದನ್ನ ನಂಬಿ

ನುಡಿಸ್ತಾ ಇರೋವಾಗ ತಲೆಯೆಲ್ಲ ಬೆರಳಿನ ಮೇಲೇ ಇರತ್ತೆ, ಕಿವಿ ಅರ್ಧ ಮಾತ್ರ ಕೆಲಸ ಮಾಡ್ತಿರತ್ತೆ. ಹಾಗಾಗಿ ಪ್ರತಿ ಐದು ನಿಮಿಷಕ್ಕೊಮ್ಮೆ ಫೋನನ್ನ ಪಕ್ಕದಲ್ಲಿ ಮಣಿಕಟ್ಟಿನ ಎತ್ತರಕ್ಕೆ ನಿಲ್ಸಿ, ಮೂವತ್ತು ಸೆಕೆಂಡ್ ವಿಡಿಯೊ ಮಾಡಿ. ಪ್ಲೇ ಮಾಡೋ ಮುಂಚೆ ಒಂದು ಚೀಟಿಯಲ್ಲಿ ಬರ್ಕೊಳಿ: ಎಫ್ ತಡ ಆಯ್ತಾ, ಜೋರಾಯ್ತಾ, ಸರಿ ಇತ್ತಾ. ಆಮೇಲೆ ನೋಡಿ. ನೀವು ಬರೆದಿದ್ದಕ್ಕೂ ಫೋನಲ್ಲಿ ಕೇಳಿದ್ದಕ್ಕೂ ಇರೋ ವ್ಯತ್ಯಾಸ ಕಮ್ಮಿ ಆಗ್ತಾ ಬಂದ್ರೆ ನುಡಿಸ್ತಾ ಇರೋವಾಗ್ಲೇ ಕಿವಿ ತಪ್ಪು ಹಿಡಿಯೋಕೆ ಕಲೀತಿದೆ ಅಂತ ಗೊತ್ತಾಗತ್ತೆ, ಇದು ಸ್ಪೀಡಿಗಿಂತ ದೊಡ್ಡ ಗಳಿಕೆ ಅಂತ ನನ್ನ ಅಭಿಪ್ರಾಯ. ಅರ್ಧ ಸ್ಪೀಡಲ್ಲಿ ಪ್ಲೇ ಮಾಡಿದ್ರೆ ಕಾಣದ್ದೂ ಕಾಣತ್ತೆ. ನನ್ನ ವಿಡಿಯೊದಲ್ಲಿ ಹೆಬ್ಬೆರಳು ಟೈಮಿಗೆ ಸರಿಯಾಗಿ ಬರ್ತಿತ್ತು, ಆದ್ರೆ ಆ ಹೊತ್ತಿಗೆ ಕಿರುಬೆರಳು ಮೇಲಕ್ಕೆ ನೆಟ್ಟಗೆ ಎದ್ದು ನಿಂತಿರ್ತಿತ್ತು, ಅದು ಬಿಗಿ ಇರೋದ್ರ ಗುರುತು, ನುಡಿಸೋವಾಗ ನನಗೆ ಒಂದು ಸಲಾನೂ ಗೊತ್ತಾಗಿರ್ಲಿಲ್ಲ.

ಟೀಚರ್ ಹತ್ರ ಹೋಗೋವಾಗ ಎರಡು ವಿಡಿಯೊ ತಗೊಂಡು ಹೋಗಿ, ಸರಿಯಾಗಿ ಬರೋ ಸ್ಪೀಡಿಂದು ಒಂದು, ಕೆಡೋ ಸ್ಪೀಡಿಂದು ಒಂದು. ಹೆಂಗಿದೆ ಸರ್ ಅಂತ ಕೇಳಿದ್ರೆ ಪರ್ವಾಗಿಲ್ಲ ಅಂತಾರೆ. ಈ ಎರಡರ ಮಧ್ಯ ಕೈಯಲ್ಲಿ ಏನು ಬದಲಾಗ್ತಿದೆ ಸರ್ ಅಂತ ಕೇಳಿದ್ರೆ ಉಪಯೋಗಕ್ಕೆ ಬರೋ ಉತ್ತರ ಸಿಗತ್ತೆ.

ಮಾರನೇ ದಿನದ ಮೊದಲ ಟೇಕ್

ಮೊದಲ ದಿನ ನಾನು 76ಕ್ಕೆ ಬಂದು ನಿಲ್ಸಿದೆ, ಖುಷಿ ಆಗಿತ್ತು. ಮಾರನೇ ದಿನ ಕೂತ ತಕ್ಷಣ 76 ಹಾಕಿ ನುಡಿಸಿದ್ರೆ ಎಫ್ ಮತ್ತೆ ಧಪ್. 68ರಲ್ಲಿ ಸರಿ ಬಂತು. ಅಂದ್ರೆ ನಿಜವಾಗ್ಲೂ ಕಲ್ತಿದ್ದು 68, ಮಿಕ್ಕ ಎಂಟು ಹಿಂದಿನ ದಿನದ ಬಿಸಿ ಅಷ್ಟೆ. ಹಾಗಾಗಿ ಡೈರಿಯಲ್ಲಿ ಬರೆಯೋ ನಂಬರ್ ಯಾವಾಗ್ಲೂ ಮಾರನೇ ದಿನ ಬೇರೇನೂ ನುಡಿಸದೆ ಮಾಡಿದ ಮೊದಲ ಟೇಕಿನದೇ ಇರ್ಲಿ. ಸಿಕ್ಕ ನಂಬರಿಗಿಂತ ನಾಲ್ಕು ಕೆಳಗಿಂದ ಅವತ್ತಿನ ಡ್ರಿಲ್ ಶುರು ಮಾಡಿ.

ಹೀಗೇ ಹತ್ತಿ ಹತ್ತಿ 104ಕ್ಕೆ ಬಂದು ನಿಂತುಹೋಯ್ತು, ನಾಲ್ಕು ದಿನ ಒಂದು ಹೆಜ್ಜೆ ಮುಂದೆ ಹೋಗ್ಲಿಲ್ಲ. ನಿಧಾನದ ಡ್ರಿಲ್ಲಿಗೆ ಇರೋ ಮಿತಿ ಇದು. ವೇಗ ಹೆಚ್ಚಾದಾಗ ಹೆಬ್ಬೆರಳು ಪೂರ್ತಿ ಕೆಳಗೆ ನುಸುಳೋಕೆ ಟೈಮೇ ಇರಲ್ಲ, ಇಡೀ ಕೈ ಪಕ್ಕಕ್ಕೆ ಜರುಗಿ ಅದನ್ನ ಎಫ್ ಹತ್ರ ತಲುಪಿಸ್ಬೇಕು, ಆ ಜರುಗೋ ಚಲನೆ ನಿಧಾನದಲ್ಲಿ ಕಾಣೋದೇ ಇಲ್ಲ, ಹಾಗಾಗಿ ಕಲ್ತೂ ಇರಲ್ಲ. ಅದಕ್ಕೆ ಚಿಕ್ಕ ಚಿಕ್ಕ ಓಟ ಮಾಡ್ಬೇಕು: 120ರ ಸ್ಪೀಡಲ್ಲೇ ಸಿ ಡಿ ಇ ಎಫ್, ಎಫ್ ಮೇಲೆ ನಿಂತುಬಿಡಿ. ಎರಡು ಕ್ಲಿಕ್ ಕಾದು, ಕೈ ಸಡಿಲ ಬಿಟ್ಟು, ಎಫ್ ಜಿ ಎ ಬಿ ಸಿ ಒಂದು ಓಟ. ನಿಲ್ಲೋ ಜಾಗ ಗೊತ್ತಿರೋದ್ರಿಂದ ಬೆರಳಿಗೆ ಗಾಬರಿ ಇರಲ್ಲ. ಐದು ಬಟನ್ ಲೆಕ್ಕ ಇದಕ್ಕೂ ಇರ್ಲಿ, ಮಧ್ಯದ ಕಾಯೋ ಹೊತ್ತನ್ನ ಎರಡರಿಂದ ಒಂದು ಕ್ಲಿಕ್ಕಿಗೆ ಇಳಿಸಿ, ಆಮೇಲೆ ತೆಗೆದುಬಿಡಿ. ನನಗೆ ಮೂರನೇ ವಾರದ ಶುರುವಲ್ಲಿ ಬೆಳಗ್ಗೆಯ ಮೊದಲ ಟೇಕಲ್ಲೇ 120 ಬಂತು, ವಿಡಿಯೊ ನೋಡಿದಾಗ ಎಫ್ ಯಾವುದು ಅಂತ ಹುಡುಕ್ಬೇಕಾಯ್ತು.

ಇದೇ ಸ್ಕೇಲ್ ಕೆಳಕ್ಕೆ ಇಳಿಯೋವಾಗ ಕೆಲಸ ಬೇರೆ, ಅಲ್ಲಿ ಎಫ್ ಮೇಲಿರೋ ಹೆಬ್ಬೆರಳನ್ನ ದಾಟಿ ನಡುಬೆರಳು ಇ ಮೇಲೆ ಬರ್ಬೇಕು. ಅದಕ್ಕೆ ಮುರಿಯೋ ಸ್ಪೀಡ್ ಮತ್ತೆ ಹೊಸದಾಗಿ ಹುಡ್ಕಿ, ಜಿ ಎಫ್ ಇ ಅನ್ನೋ ಮೂರು ಸ್ವರದಿಂದ ಶುರು ಮಾಡಿ.