ತಡವಾದ ಪಾರ್ಸೆಲ್‌ಗಳ ಸಂಜೆ ಲೆಕ್ಕ: ಮೊದಲು ಹೇಳಿದ ದಿನಾಂಕವನ್ನು ಕೈಬಿಡಬೇಡಿ

ಹುಬ್ಬಳ್ಳಿಯಂಥ ಊರಿನಲ್ಲಿ ಅಂಗಡಿಗಳಿಂದ ಪಾರ್ಸೆಲ್ ಸಂಗ್ರಹಿಸಿ, ಎರಡು–ಮೂರು ಕೊರಿಯರ್ ಕಂಪನಿಗಳ ಮೂಲಕ ಕಳುಹಿಸುವ ಒಂದು ಸಣ್ಣ ಸಂಸ್ಥೆಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಸಂಜೆ ಏಳರ ಹೊತ್ತಿಗೆ ಮಾಲೀಕರಿಗೆ ಬೇಕಾದದ್ದು ಒಂದೇ ಮಾಹಿತಿ: ಇಂದಿಗೆ ಯಾವ ಪಾರ್ಸೆಲ್‌ಗಳು ತಡವಾಗಿವೆ, ನಾಳೆ ಬೆಳಿಗ್ಗೆ ಯಾವುದಕ್ಕೆ ಯಾರಿಗೆ ಫೋನ್ ಮಾಡಬೇಕು. ಕೊರಿಯರ್ ಪೋರ್ಟಲ್‌ನಿಂದ ಇಳಿಸಿಕೊಳ್ಳುವ ಟ್ರ್ಯಾಕಿಂಗ್ ಕಡತ ಇದಕ್ಕೆ ನೇರ ಉತ್ತರ ಕೊಡುವುದಿಲ್ಲ. ಅದರಲ್ಲಿರುವುದು ಸ್ಕ್ಯಾನ್‌ಗಳ ಸಾಲು. ಒಂದೇ ಪಾರ್ಸೆಲ್‌ಗೆ ನಾಲ್ಕೈದು ಸಾಲುಗಳು ಇರುತ್ತವೆ. ಅದನ್ನು ಗೂಗಲ್ ಶೀಟ್ಸ್‌ನಲ್ಲಿ ಸಂಜೆಯ ಸಾರಾಂಶವನ್ನಾಗಿ ಮಾಡುವ ಬಗೆ ಇಲ್ಲಿದೆ.

ಮೊದಲ ಕೆಲಸ ಸಂಜೆಯದಲ್ಲ, ಬುಕಿಂಗ್ ವೇಳೆಯದು. `Booking` ಎಂಬ ಹಾಳೆ ತೆರೆದು A ಕಾಲಂನಲ್ಲಿ ಎಡಬ್ಲ್ಯೂಬಿ, ಅಂದರೆ ಪಾರ್ಸೆಲ್‌ನ ಟ್ರ್ಯಾಕಿಂಗ್ ಸಂಖ್ಯೆ, B ಕಾಲಂನಲ್ಲಿ ಗ್ರಾಹಕರ ಹೆಸರು ಮತ್ತು ಊರು, C ಕಾಲಂನಲ್ಲಿ ಬುಕಿಂಗ್ ದಿನಾಂಕ, D ಕಾಲಂನಲ್ಲಿ ಬುಕಿಂಗ್ ದಿನ ಕೊರಿಯರ್‌ನವರು ತೋರಿಸಿದ ತಲುಪಿಸುವ ದಿನಾಂಕ ಬರೆಯಿರಿ. D ಕಾಲಂಗೆ ಒಮ್ಮೆ ಬಿದ್ದ ದಿನಾಂಕವನ್ನು ಮತ್ತೆ ಮುಟ್ಟಬಾರದು. ಕೊರಿಯರ್‌ನವರ ಅನೇಕ ಫೀಡ್‌ಗಳಲ್ಲಿ, ಅಂದರೆ ಆ ಟ್ರ್ಯಾಕಿಂಗ್ ಕಡತಗಳಲ್ಲಿ, ತಲುಪಿಸುವ ಅಂದಾಜು ದಿನಾಂಕದ `EDD` ಎಂಬ ಕಾಲಂ ಇರುತ್ತದೆ, ಆದರೆ ಪಾರ್ಸೆಲ್ ನಿಂತಾಗ ಆ ದಿನಾಂಕವೇ ಮುಂದಕ್ಕೆ ಸರಿಯುವುದುಂಟು. ಅದನ್ನು ನಂಬಿ ಲೆಕ್ಕ ಹಾಕಿದರೆ ತಡವಾದ ಪಾರ್ಸೆಲ್ ಎಂದಿಗೂ ತಡವಾಗುವುದಿಲ್ಲ. ಕೊರಿಯರ್‌ನವರು ದಿನಾಂಕವನ್ನೇ ಕೊಡದೆ ಮೂರು ಕೆಲಸದ ದಿನ ಎಂದಷ್ಟೇ ಹೇಳಿದ್ದರೆ, ಭಾನುವಾರವನ್ನು ಬಿಟ್ಟು ಹೀಗೆ ಎಣಿಸಬಹುದು:

```
=WORKDAY.INTL(C2, 3, 11)
```

ಎರಡನೆಯದು ಫೀಡ್ ತರುವುದು. `Feed` ಎಂಬ ಹಾಳೆಯ A ಯಿಂದ D ವರೆಗಿನ ಕಾಲಂಗಳನ್ನು ಖಾಲಿ ಮಾಡಿ, ಸಿಎಸ್‌ವಿ ಕಡತವನ್ನು ಅಲ್ಲಿಗೆ ಇಂಪೋರ್ಟ್ ಮಾಡಿ. ಅದರಲ್ಲಿ ಸಂಖ್ಯೆ, ವೇಳೆ, ಸ್ಥಿತಿ, ಸ್ಥಳ ಇದೇ ಕ್ರಮದಲ್ಲಿ ಇವೆ ಎಂದುಕೊಳ್ಳೋಣ. ಇಂಪೋರ್ಟ್ ಪರದೆಯಲ್ಲಿ ಪಠ್ಯವನ್ನು ಸಂಖ್ಯೆ ಮತ್ತು ದಿನಾಂಕಗಳಾಗಿ ಪರಿವರ್ತಿಸುವ ಆಯ್ಕೆಯ ಗುರುತನ್ನು ತೆಗೆಯುವುದು ಮುಖ್ಯ. ಇಲ್ಲದಿದ್ದರೆ ಎಡಬ್ಲ್ಯೂಬಿಯ ಮುಂದಿನ ಸೊನ್ನೆಗಳು ಬಿದ್ದುಹೋಗುತ್ತವೆ. ಕಡತವನ್ನು ನಡುವೆ ಎಕ್ಸೆಲ್‌ನಲ್ಲಿ ತೆರೆದು ಉಳಿಸಿದರಂತೂ ಉದ್ದದ ಸಂಖ್ಯೆ `1.23E+12` ಎಂಬಂಥ ರೂಪ ತಾಳುತ್ತದೆ. `Booking` ಹಾಳೆಯ A ಕಾಲಂ ಕೂಡ ಪಠ್ಯ ರೂಪದಲ್ಲೇ ಇರಲಿ. ಹತ್ತಿಪ್ಪತ್ತು ಪಾರ್ಸೆಲ್‌ಗಳು ಒಮ್ಮೆಲೇ ಸ್ಕ್ಯಾನ್ ಆಗಿಲ್ಲವೆಂದು ಕಂಡುಬಂದರೆ ಕೊರಿಯರ್‌ನವರನ್ನು ದೂರುವ ಮೊದಲು ಇದನ್ನೇ ನೋಡಿ.

ವೇಳೆಯ ವಿಷಯವೂ ಇದೆ. ಫೀಡ್‌ನ ವೇಳೆಯ ಕೊನೆಯಲ್ಲಿ `Z` ಅಕ್ಷರ ಇದ್ದರೆ ಅದು ಭಾರತದ ಸಮಯವಲ್ಲ, ನಮಗಿಂತ ಐದೂವರೆ ಗಂಟೆ ಹಿಂದಿನ ಯುಟಿಸಿ ಸಮಯ. ಬೆಳಗಿನ ಜಾವ 4.50ಕ್ಕೆ ಹಬ್‌ನಲ್ಲಿ ಆದ ಸ್ಕ್ಯಾನ್, ಹಿಂದಿನ ದಿನದ ರಾತ್ರಿ 11.20ರದ್ದಾಗಿ ಕಾಣುತ್ತದೆ. ಆದ್ದರಿಂದ E ಕಾಲಂನಲ್ಲಿ ಅದನ್ನು ಸರಿಪಡಿಸಿ:

```
=IF(B2="","",DATEVALUE(LEFT(B2,10))+TIMEVALUE(MID(B2,12,8))+TIME(5,30,0))
```

ಮೂರನೆಯದಾಗಿ, ಪ್ರತಿ ಪಾರ್ಸೆಲ್‌ನ ಕೊನೆಯ ಸ್ಕ್ಯಾನ್ ಒಂದನ್ನೇ ಉಳಿಸಿಕೊಳ್ಳಬೇಕು. `Latest` ಹಾಳೆಯ A2 ಕೋಶದಲ್ಲಿ ಬರೆಯುವ ಈ ಸೂತ್ರ, ಹೊಸ ಸ್ಕ್ಯಾನ್‌ಗಳನ್ನು ಮೇಲಕ್ಕೆ ತಂದು ಪ್ರತಿ ಸಂಖ್ಯೆಯ ಮೊದಲ ಸಾಲನ್ನಷ್ಟೇ ಇಟ್ಟುಕೊಳ್ಳುತ್ತದೆ:

```
=SORTN(SORT(Feed!A2:E,5,FALSE),9^9,2,1,TRUE)
```

ಇನ್ನು `Booking` ಹಾಳೆಯ E, F, G, H ಕಾಲಂಗಳಲ್ಲಿ ಕ್ರಮವಾಗಿ ಸ್ಥಿತಿ, ಕೊನೆಯ ಸ್ಕ್ಯಾನ್‌ನ ವೇಳೆ, ಎಷ್ಟು ದಿನ ತಡ, ಸ್ಕ್ಯಾನ್ ಆಗಿ ಎಷ್ಟು ಗಂಟೆ ಎಂಬುದನ್ನು ತರಬೇಕು:

```
=XLOOKUP(A2,Latest!A:A,Latest!C:C,"NO SCAN")
=XLOOKUP(A2,Latest!A:A,Latest!E:E,"")
=IF(OR(E2="Delivered",LEFT(E2,3)="RTO"),0,MAX(0,TODAY()-D2))
=IF(F2="","",(NOW()-F2)*24)
```

ಹಿಂದಿರುಗುತ್ತಿರುವ ಪಾರ್ಸೆಲ್‌ಗಳನ್ನು, ಅಂದರೆ `RTO` ಎಂದು ಆರಂಭವಾಗುವ ಸ್ಥಿತಿಗಳನ್ನು ಇಲ್ಲಿ ಬಿಟ್ಟಿದೆ. ಅವುಗಳಿಗೆ ತಲುಪಿಸುವ ದಿನಾಂಕದ ಲೆಕ್ಕ ಅನ್ವಯಿಸುವುದಿಲ್ಲ. ಇಂದೇ ತಲುಪಬೇಕಿದ್ದು ಇನ್ನೂ ತಲುಪದ ಪಾರ್ಸೆಲ್ ಕೂಡ ಈ ಸೂತ್ರದ ಪ್ರಕಾರ ತಡವಲ್ಲ, ಮತ್ತು ಅದು ಹಾಗೇ ಇರಲಿ. ಡೆಲಿವರಿ ಹುಡುಗರು ಎಂಟೂವರೆ–ಒಂಬತ್ತರವರೆಗೂ ಓಡಾಡುತ್ತಿರುತ್ತಾರೆ. ಏಳು ಗಂಟೆಗೇ ಅವನ್ನು ತಡದ ಪಟ್ಟಿಗೆ ಸೇರಿಸಿದರೆ ಬೆಳಗಾಗುವುದರೊಳಗೆ ಅರ್ಧ ಪಟ್ಟಿ ಸುಳ್ಳಾಗುತ್ತದೆ.

ಒಂದು ಪಾರ್ಸೆಲ್ ಅನ್ನು ಹತ್ತಿರದಿಂದ ನೋಡೋಣ. ಸೋಮವಾರ 3ರಂದು ಹುಬ್ಬಳ್ಳಿಯಿಂದ ಕಲಬುರಗಿಗೆ ಹೊರಟದ್ದು. ಗುರುವಾರ 6ರಂದು ತಲುಪಬೇಕಿತ್ತು. ಆರರ ಬೆಳಗಿನ ಜಾವ 4.50ಕ್ಕೆ ವಿಜಯಪುರದ ಹಬ್‌ನಲ್ಲಿ ಸ್ಕ್ಯಾನ್ ಆಯಿತು, ಆಮೇಲೆ ಸುದ್ದಿಯಿಲ್ಲ. ಆ ಸಂಜೆ ಫೀಡ್‌ನಲ್ಲಿ ದಿನಾಂಕ 8ಕ್ಕೆ ಸರಿಯಿತು, ಎಂಟರಂದು 10ಕ್ಕೆ. ಎಂಟರ ಸಂಜೆ ಏಳಕ್ಕೆ ಪೋರ್ಟಲ್‌ನಲ್ಲಿ ನೋಡಿದವರಿಗೆ ಅದು ಸಮಯಕ್ಕೆ ಸರಿಯಾಗಿ ಸಾಗುತ್ತಿರುವ ಪಾರ್ಸೆಲ್. ನಮ್ಮ ಹಾಳೆಯಲ್ಲಿ ಅದು ಎರಡು ದಿನ ತಡ, ಸ್ಕ್ಯಾನ್ ಆಗಿ 62 ಗಂಟೆ. ಆ ಸಂಜೆ ಕೈಯಲ್ಲಿದ್ದ 64 ಪಾರ್ಸೆಲ್‌ಗಳಲ್ಲಿ ಫೀಡ್‌ನ ದಿನಾಂಕದ ಪ್ರಕಾರ ತಡವಾದವು 4, ಮೊದಲು ಹೇಳಿದ ದಿನಾಂಕದ ಪ್ರಕಾರ 11 ಎಂದಿಟ್ಟುಕೊಳ್ಳಿ. ಗ್ರಾಹಕರು ಫೋನ್ ಮಾಡುವುದು ಆ ಹನ್ನೊಂದಕ್ಕೂ.

ಆದರೆ 11 ಎಂಬ ಸಂಖ್ಯೆಯನ್ನು ಹಾಗೇ ಕಳುಹಿಸಿದರೆ ಯಾರೂ ಏನೂ ಮಾಡಲಾಗದು. ಎಷ್ಟು ದಿನ ತಡ ಎಂಬುದಕ್ಕಿಂತ, ಮುಂದೆ ಯಾರು ಏನು ಮಾಡಬೇಕು ಎಂಬುದರ ಮೇಲೆ ವಿಂಗಡಿಸುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಇವುಗಳಲ್ಲಿ 5 ಪಾರ್ಸೆಲ್‌ಗಳಿಗೆ ಕಳೆದ 24 ಗಂಟೆಯಲ್ಲಿ ಸ್ಕ್ಯಾನ್ ಆಗಿದೆ, ಅಂದರೆ ಸಾಗುತ್ತಿವೆ. ಗ್ರಾಹಕರಿಗೆ ಒಂದು ಸಂದೇಶ ಸಾಕು. 2 ಪಾರ್ಸೆಲ್‌ಗಳಿಗೆ 36 ಗಂಟೆ ಮೀರಿ ಸ್ಕ್ಯಾನ್ ಇಲ್ಲ. ಇವುಗಳ ಬಗ್ಗೆ ಬೆಳಿಗ್ಗೆ ಕೊರಿಯರ್‌ನವರಿಗೆ ಫೋನ್ ಮಾಡಿ, ಹಬ್‌ನ ಹೆಸರು ಮತ್ತು ಕೊನೆಯ ವೇಳೆ ಹೇಳಿ ದೂರು ಸಂಖ್ಯೆ ಪಡೆಯಬೇಕು. ಉಳಿದ 4 ಮನೆಯವರೆಗೆ ಹೋಗಿ ತಲುಪದೆ ಮರಳಿದವು. ಇವೇ ಎಲ್ಲಕ್ಕಿಂತ ತುರ್ತಿನವು, ಏಕೆಂದರೆ ಕೆಲವು ಪ್ರಯತ್ನಗಳ ನಂತರ ಪಾರ್ಸೆಲ್ ತಾನಾಗಿ ವಾಪಸಾಗುತ್ತದೆ, ಆಮೇಲೆ ತಡೆಯುವುದು ಕಷ್ಟ. 24 ಮತ್ತು 36 ಗಂಟೆಗಳ ನಡುವೆ ಬೀಳುವ ಪಾರ್ಸೆಲ್ ಇದ್ದರೆ ಅದನ್ನು ಸಾಗುತ್ತಿರುವವುಗಳ ಜೊತೆಗೇ ಇಟ್ಟು ಮರುದಿನ ಸಂಜೆ ನೋಡಿದರಾಯಿತು.

ಮರಳಿದ ಪಾರ್ಸೆಲ್‌ಗಳ ವೇಳೆಯನ್ನು ಕಣ್ಣಿಟ್ಟು ನೋಡಿ. ಬೇರೆ ಬೇರೆ ಬೀದಿಗಳ ನಾಲ್ಕು ಮನೆಗಳಲ್ಲೂ ಗ್ರಾಹಕರು ಸಿಗಲಿಲ್ಲವೆಂದು ಸಂಜೆ 6.41ರ ಒಂದೇ ನಿಮಿಷದಲ್ಲಿ ದಾಖಲಾಗಿದ್ದರೆ, ಯಾರೂ ಆ ಮನೆಗಳಿಗೆ ಹೋಗಿಲ್ಲದಿರುವ ಸಾಧ್ಯತೆಯೇ ಹೆಚ್ಚು. ದಿನದ ನಮೂದುಗಳನ್ನು ಕೊನೆಗೆ ಒಟ್ಟಿಗೆ ಹಾಕಿರಲೂಬಹುದು. ಆದ್ದರಿಂದ ಆರೋಪಿಸುವ ಮೊದಲು ಪಾರ್ಸೆಲ್ ಪಡೆಯಬೇಕಿದ್ದವರಿಗೆ ಕರೆ ಮಾಡಿ, ಯಾರಾದರೂ ಬಂದಿದ್ದರೇ, ಫೋನ್ ಬಂದಿತ್ತೇ ಎಂದು ಕೇಳಿ. ಆ ಉತ್ತರವೇ ದೂರಿಗೆ ಆಧಾರ.

ಸಾರಾಂಶವು ಫೋನ್‌ನ ಒಂದು ಪರದೆಯಲ್ಲಿ ಮುಗಿಯಬೇಕು: ಮೇಲೆ ಒಟ್ಟು ಸಂಖ್ಯೆ, ಅದರ ಕೆಳಗೆ ಮರಳಿದವು, ನಿಂತವು, ಸಾಗುತ್ತಿರುವವು ಈ ಕ್ರಮದಲ್ಲಿ ಗ್ರಾಹಕರ ಹೆಸರು, ಊರು, ತಡವಾದ ದಿನಗಳು. ಇವೆಲ್ಲಕ್ಕೂ ಮೇಲೆ ಒಂದು ಸಾಲು ಬೇಕು, ಫೀಡ್‌ನಲ್ಲಿರುವ ಎಲ್ಲಕ್ಕಿಂತ ಹೊಸ ಸ್ಕ್ಯಾನ್‌ನ ವೇಳೆ:

```
=MAX(Latest!E2:E)
```

ಅದು 6.52 ಎಂದು ತೋರಿಸಿದರೆ ಪಟ್ಟಿಯನ್ನು ಕಳುಹಿಸಬಹುದು. ಮಧ್ಯಾಹ್ನ 1.15 ಎಂದು ತೋರಿಸಿದರೆ ಯಾರೋ ಹಳೆಯ ಕಡತವನ್ನೇ ಮತ್ತೆ ಹಾಕಿದ್ದಾರೆ, ಇಲ್ಲವೇ ಕೊರಿಯರ್‌ನವರ ಕಡೆಯಿಂದ ಮಾಹಿತಿ ಬರುವುದು ನಿಂತಿದೆ. ಅಂಥ ಸಂಜೆ ಕಡತವನ್ನು ಮತ್ತೊಮ್ಮೆ ಇಳಿಸಿಕೊಳ್ಳಿ. ಆಗಲೂ ವೇಳೆ ಬದಲಾಗದಿದ್ದರೆ, ಪಟ್ಟಿಯ ಬದಲು ಆ ಒಂದು ಸಾಲನ್ನಷ್ಟೇ ಮಾಲೀಕರಿಗೆ ಕಳುಹಿಸಿ.