ಈಮೇಲ್‌ನ ತಲೆ-ಬಾಲ ಕತ್ತರಿಸುವುದು ಹೇಗೆ?

ಶಿರಸಿಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಬೆಂಗಳೂರಿನ ಅಂಗಡಿಗೆ ಕಳಿಸುವ ಪರಿಚಯದವರೊಬ್ಬರು ಬಾಕಿ ಹಣ ಕೇಳಿ ಬರೆದ ಮೇಲ್ ಇದು:

“ಮಾನ್ಯರೇ, ತಾವು ಕ್ಷೇಮವೆಂದು ಭಾವಿಸುತ್ತೇನೆ. ಈ ಮೂಲಕ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ, ಏಪ್ರಿಲ್ 12ರಂದು ತಮಗೆ 40 ಬಾಟಲಿ ಕಳಿಸಿದ್ದು, ಬಿಲ್ 9,600 ರೂಪಾಯಿ ಇರುತ್ತದೆ. ತಮ್ಮ ಸಹಕಾರ ಸದಾ ಹೀಗೆಯೇ ಇರಲೆಂದು ಕೋರುತ್ತಾ, ಸಂದೇಹವಿದ್ದಲ್ಲಿ ಸಂಪರ್ಕಿಸಲು ವಿನಂತಿ. ಮುಂಗಡ ಧನ್ಯವಾದಗಳೊಂದಿಗೆ…”

ಮೊದಲ ಹಂತ: ಮನಸ್ಸಿಗೆ ಬಂದದ್ದನ್ನೆಲ್ಲ ಬರೆದು ಮುಗಿಸಿ. ಬರೆಯುತ್ತಲೇ ಕತ್ತರಿ ಹಿಡಿಯಬೇಡಿ.

ಎರಡನೆಯದು ತಲೆ. ಮೊದಲ ತಾರೀಕು, ಅಂಕಿ ಅಥವಾ ಬೇಡಿಕೆ ಎಲ್ಲಿದೆ ಹುಡುಕಿ, ಅದರ ಮೇಲಿನದನ್ನೆಲ್ಲ ಅಳಿಸಿ. ಮೊಬೈಲ್‌ನ ಇನ್‌ಬಾಕ್ಸ್‌ನಲ್ಲಿ ವಿಷಯದ ಸಾಲಿನ ಕೆಳಗೆ ಮೇಲ್‌ನ ಮೊದಲ ಕೆಲವು ಪದಗಳಷ್ಟೇ ಕಾಣುತ್ತವೆ. ಆ ಜಾಗವನ್ನು ಕ್ಷೇಮಸಮಾಚಾರ ತಿಂದುಹಾಕಿದರೆ ಬಿಲ್ ಕಣ್ಣಿಗೇ ಬೀಳದು. ‘ನಮಸ್ಕಾರ’ ಇರಲಿ. ಮೊದಲ ಸಲ ಬರೆಯುತ್ತಿದ್ದರೆ ನೀವು ಯಾರೆಂಬ ಒಂದು ಸಾಲೂ ಇರಲಿ, ಅದಿಲ್ಲದೆ ಓದುವವರಿಗೆ ತಲೆಬುಡ ತಿಳಿಯುವುದಿಲ್ಲ.

ಎಡವುವುದು ಬಾಲದಲ್ಲಿ. ಹೆಚ್ಚಿನವರು ಕೊನೆಯ ಸಾಲುಗಳನ್ನು ಹಾಗೇ ಉದುರಿಸಿ ಕೈತೊಳೆದುಕೊಳ್ಳುತ್ತಾರೆ. ಮೇಲಿನ ಮೇಲ್‌ನಲ್ಲಿ ಹಾಗೆ ಮಾಡಿ ನೋಡಿ: ಬಾಟಲಿ ಕಳಿಸಿದ್ದೇವೆ, ಬಿಲ್ ಇಷ್ಟಾಗಿದೆ ಎಂಬಲ್ಲಿಗೆ ನಿಲ್ಲುತ್ತದೆ. ಹಣ ಕೊಡಿ ಎಂಬ ಮಾತು ಎಲ್ಲೂ ಇಲ್ಲ! ಮೊದಲೂ ಇರಲಿಲ್ಲ, ದಾಕ್ಷಿಣ್ಯಕ್ಕೆ ‘ಸಹಕಾರ’ದೊಳಗೆ ಅವಿತು ಕೂತಿತ್ತು. ಹಾಗಾಗಿ ಅಳಿಸುವ ಮುನ್ನ ಪ್ರತಿ ಸಾಲಿಗೂ ಕೇಳಿ: ಇದನ್ನು ಓದಿ ಅವರು ಏನು ಮಾಡಬೇಕು? ‘ಸಂದೇಹವಿದ್ದಲ್ಲಿ ಸಂಪರ್ಕಿಸಿ’ಗೆ ಉತ್ತರವಿಲ್ಲ, ಬೇಕಾದವರು ಹೇಗೂ ಮರುಉತ್ತರ ಬರೆಯುತ್ತಾರೆ, ಅಳಿಸಿ. ‘ಸಹಕಾರ’ಕ್ಕೆ ಉತ್ತರವಿದೆ, ಹಣ ಹಾಕಬೇಕು. ಅಂಥದ್ದನ್ನು ಬಿಡಿಸಿ, ಗಡುವು ಸೇರಿಸಿ ಬರೆಯಿರಿ. ‘ಆದಷ್ಟು ಬೇಗ’ ಗಡುವಲ್ಲ. ‘ಮುಂಗಡ ಧನ್ಯವಾದ’ ನನಗಂತೂ ಆಗಿಬರದು, ಒಪ್ಪುವ ಮೊದಲೇ ಒಪ್ಪಿಸಿಬಿಟ್ಟಂತೆ ಕೇಳುತ್ತದೆ.

ಇಂಟರ್ನೆಟ್ಟಿನಲ್ಲಿ ಸಿಗುವ ರೆಡಿಮೇಡ್ ಪತ್ರದ ನಮೂನೆಗಳನ್ನು ಮುಟ್ಟಬೇಡಿ. ಈ ಹೊಟ್ಟೆಲ್ಲ ಬರುವುದೇ ಅಲ್ಲಿಂದ.

ಕತ್ತರಿಸಿದ ಮೇಲೆ ಉಳಿದದ್ದು:

“ನಮಸ್ಕಾರ. ಏಪ್ರಿಲ್ 12ರಂದು ಕಳಿಸಿದ 40 ಬಾಟಲಿಯ ಬಿಲ್ 9,600 ರೂಪಾಯಿ ಬಾಕಿ ಇದೆ. ಮೇ 20ರೊಳಗೆ ಖಾತೆಗೆ ಹಾಕಿ. ಬಿಲ್ ಲಗತ್ತಿಸಿದ್ದೇನೆ.”

‘ಹಾಕಿ’ ಒರಟೆನಿಸಿದರೆ ‘ದಯವಿಟ್ಟು’ ಸೇರಿಸಿ, ಒಂದೇ ಸಲ. ಕೆಳಗೆ ಹೆಸರು, ಫೋನ್ ನಂಬರ್. ಮೊಬೈಲ್ ತಾನಾಗಿ ಅಂಟಿಸುವ ‘ನನ್ನ ಫೋನಿನಿಂದ ಕಳಿಸಿದ್ದು’ ಎಂಬ ಸಾಲನ್ನು ಸೆಟ್ಟಿಂಗ್ಸ್‌ಗೆ ಹೋಗಿ ತೆಗೆದುಹಾಕಿ.